ದೊಡ್ಡ ನಂಬರಿನ ಚಷ್ಮಾ: ಮಷಿನ್ಯಾಗ ನಂಬರ್ ಬರೋಬ್ಬರಿ ಬರ್ತದ, ಆದ್ರ ದೂರದ ಬೋರ್ಡು ಎರಡಾಗಿ ಕಾಣ್ತದ

ಸೇಡಂ ರೋಡ್

ಕಲಬುರಗಿಯೊಳಗ ಹೊಸಾ ಚಷ್ಮಾ ಮಾಡ್ಸಿ ಒಂಬತ್ತು ದಿನ ಆತು. ಎರಡೂ ಕಣ್ಣಿಗೆ −9.00, ಸಿಲಿಂಡರ್ ಇಲ್ಲ. ಗ್ಲಾಸು 1.67, ಫ್ರೇಮಿನ ಕಡ್ಡಿ ಮ್ಯಾಲೆ 54□18 ಅಂತ ಬರದದ. ಹಳೇ ಚಷ್ಮಾ ಸಣ್ಣ ಫ್ರೇಮಿಂದಿತ್ತು, ನಂಬರ್ −8.50.

ತೊಂದರೆ ಏನಂದ್ರ, ಸಂಜಿ ಹೊತ್ತು ಸೂಪರ್ ಮಾರ್ಕೆಟ್ ಕಡೆ ದೂರದ ಅಂಗಡಿ ಬೋರ್ಡು ನೋಡಿದ್ರ ಮೊದಲು ಒಂದೇ ಕಾಣ್ತದ, ಸುಸ್ತಾದ ಮ್ಯಾಲೆ ಬಾಜೂಕ ಸರದು ಎರಡಾಗ್ತದ. ಎರಡನೇದು ಥೋಡೆ ಮ್ಯಾಲೆ-ಕೆಳಗೂ ಇರ್ತದ. ಟ್ಯೂಬ್‌ಲೈಟಿನ ಒಂದು ಅಂಚಿಗೆ ನೀಲಿ, ಇನ್ನೊಂದಕ್ಕ ಕಿತ್ತಳೆ ಗೆರೆ. ಹುಬ್ಬಿನ ನಡುವ ಎಳದಂಗ ಆಗ್ತದ. ಆದ್ರ ಮೊಬೈಲ್ ಓದ್ಲಿಕ್ಕೆ ಏನೂ ತ್ರಾಸಿಲ್ಲ, ಖರೆ ಹೇಳ್ಬೇಕಂದ್ರ ಹಳೇದಕ್ಕಿಂತ ಆರಾಮ ಅನಸ್ತದ. ಅಂಗಡಿಯವರು ನನ್ನ ಎದುರಿಗೇ ಮಷಿನ್ಯಾಗ ಇಟ್ಟು ತೋರ್ಸಿದ್ರು, ಎರಡೂ −9.00 ಬಂತು. "ನಂಬರ್ ಹೆಚ್ಚಾಗ್ಯದ, ಹದಿನೈದು ದಿನ ಹಾಕ್ಕೊಳ್ರಿ, ರೂಢಿ ಆಗ್ತದ" ಅಂದ್ರು. ಹಾಕ್ಕೊಂಡೇ ಇರ್ಲ್ಯೋ, ವಾಪಸ್ ಕೊಡ್ಲ್ಯೋ?

ಹುಮನಾಬಾದ್ ನಾಕಾ

ಇದು 1.67 ಗ್ಲಾಸಿನ ದೋಷ ಅಣ್ಣಾ. ತೆಳು ಗ್ಲಾಸಿನ್ಯಾಗ ಬೆಳಕು ಜಾಸ್ತಿ ಮಣೀತದ, ಅದಕ್ಕೇ ಅಂಚಿನ್ಯಾಗ ಪ್ರಿಸಂ ಬರ್ತದ, ಬಣ್ಣ ಕಾಣ್ತದ. ಸಾದಾ ಗ್ಲಾಸು ಹಾಕ್ಸು, ದಪ್ಪ ಆಗ್ತದ ಆದ್ರ ಎಲ್ಲಾ ಸರಿ ಆಗ್ತದ.

ಬೀದರ್ ಆಪ್ಟೋಮೆಟ್ರಿ

ನಾಕಾ ಅವರ ಮಾತಿನ್ಯಾಗ ಅರ್ಧ ಖರೆ ಅದ, ಅರ್ಧ ತಪ್ಪು ಅದ. ಬಣ್ಣದ ಮಾತಿಗೆ ಆಮ್ಯಾಲೆ ಬರ್ತೀನಿ. ಮೊದಲು ಪ್ರಿಸಂ, ಅಂದ್ರ ಗ್ಲಾಸು ಬೆಳಕನ್ನ ಒಂದು ಬಾಜೂಕ ಮಣಿಸಿ ಚಿತ್ರ ಸರಿಸೋದು.

ಗ್ಲಾಸು ಯಾವ ಮಾಲಿಂದ ಮಾಡ್ಯಾರ ಅನ್ನೋದರ ಮ್ಯಾಲೆ ಪ್ರಿಸಂ ನಿಂತಿಲ್ಲ. ಎರಡೇ ಸಂಗತಿ ಬೇಕು: ನಂಬರ್ ಎಷ್ಟು, ಮತ್ತು ಗ್ಲಾಸಿನ ಆಪ್ಟಿಕಲ್ ಸೆಂಟರ್, ಅಂದ್ರ ಬೆಳಕು ಮಣೀದೆ ನೆಟ್ಟಗ ಹಾದು ಹೋಗೋ ಜಾಗ, ಅಲ್ಲಿಂದ ಎಷ್ಟು ದೂರದ ಜಾಗದಾಗಿಂದ ನೀವು ನೋಡ್ಲಿಕ್ಕತ್ತೀರಿ. ಲೆಕ್ಕ ಒಂದೇ ಸಾಲು:

P = c × F

ಇಲ್ಲಿ c ಅಂದ್ರ ಸೆಂಟರ್‌ನಿಂದ ಇರೋ ದೂರ, ಸೆಂಟಿಮೀಟರ್‌ನ್ಯಾಗ. F ಅಂದ್ರ ನಂಬರ್. ಬರೋ ಉತ್ತರ ಪ್ರಿಸಂ ಡಯಾಪ್ಟರ್‌ನ್ಯಾಗ. ಒಂದು ಪ್ರಿಸಂ ಅಂದ್ರ ಒಂದು ಮೀಟರ್ ದೂರದ ವಸ್ತು ಒಂದು ಸೆಂಟಿಮೀಟರ್ ಸರದಂಗ ಕಾಣೋದು. −1.00 ನಂಬರಿನವರು 5 ಮಿ.ಮೀ. ಆಚೆಯಿಂದ ನೋಡಿದ್ರ ಅರ್ಧ ಪ್ರಿಸಂ, ಅವರಿಗೆ ಗೊತ್ತೂ ಆಗೂದಿಲ್ಲ. ಅದೇ 5 ಮಿ.ಮೀ. ನಿಮ್ಮ −9.00 ಗ್ಲಾಸಿನ್ಯಾಗ ನಾಲ್ಕೂವರೆ ಪ್ರಿಸಂ. ಅದಕ್ಕೇ ಸಣ್ಣ ನಂಬರಿನ್ಯಾಗ ಅಂಗಡಿಯವರ ಫಿಟ್ಟಿಂಗ್ ತಪ್ಪು ಮುಚ್ಚಿಹೋಗ್ತದ, ದೊಡ್ಡ ನಂಬರಿನ್ಯಾಗ ಎದ್ದು ಕಾಣ್ತದ.

ಮಷಿನ್ಯಾಗ −9.00 ಬಂತು ಅಂದ್ರಲ್ಲ, ಅದು ಖರೇನೇ ಇರ್ತದ. ಲೆನ್ಸೋಮೀಟರ್‌ನ್ಯಾಗ ಗ್ಲಾಸು ಇಟ್ಟು, ಹಸಿರು ಗೆರೆ ನಡುವ ಬರೋ ತನಕ ಸರಿಸಿ, ಆಮ್ಯಾಲೆ ನಂಬರ್ ಓದ್ತಾರ. ಅಂದ್ರ ಸೆಂಟರ್ ಎಲ್ಲದನೋ ಅಲ್ಲಿಗೆ ತಾವೇ ಹುಡುಕ್ಕೊಂಡು ಹೋಗಿ ಓದಿದ್ರು. ಆ ಸೆಂಟರ್ ನಿಮ್ಮ ಪಾಪೆಯ ಎದುರಿಗೆ ಅದ ಏನು ಅನ್ನೋದನ್ನ ಆ ಪರೀಕ್ಷೆ ಹೇಳೂದಿಲ್ಲ. ಅದನ್ನ ಬ್ಯಾರೆ ಅಳೀಬೇಕು.

ನನಗ ಮೂರು ಸಂಗತಿ ಬೇಕು. ಬಲಗಣ್ಣೊಂದೇ ಮುಚ್ಚಿದ್ರ ಎಳತ ನಿಲ್ತದೇನು? ಬೋರ್ಡು ಎರಡಾದಾಗ ಬಲಗಣ್ಣು ಮುಚ್ಚಿದ್ರ ಯಾವ ಕಡೆಯ ಬೋರ್ಡು ಹೋಗ್ತದ? ಮತ್ತು ನಿಮ್ಮ ಪಿ.ಡಿ. ಎಷ್ಟು, ಅಂದ್ರ ಎರಡು ಪಾಪೆಗಳ ನಡುವಿನ ಅಂತರ?

ಸೇಡಂ ರೋಡ್

ಒಂದು ಕಣ್ಣು ಮುಚ್ಚಿದ ಕೂಡ್ಲೇ ಎಳತ ಹೋಗ್ತದ ಸರ್, ಅಕ್ಷರಾನೂ ಖಡಕ್ ಕಾಣ್ತಾವ. ಬಲಗಣ್ಣು ಮುಚ್ಚಿದ್ರ ಬಲಗಡೆ ಬೋರ್ಡು ಹೋಗ್ತದ. ಪಿ.ಡಿ. ಚೀಟಿ ಮ್ಯಾಲೆ ಬರದಿಲ್ಲ.

ಬೀದರ್ ಆಪ್ಟೋಮೆಟ್ರಿ

ಒಂದೊಂದೇ ಕಣ್ಣಿಗೆ ಖಡಕ್, ಎರಡೂ ತೆರದ್ರ ತ್ರಾಸು. ಅಂದ್ರ ನಂಬರ್ ತಪ್ಪಿಲ್ಲ, ಎರಡು ಗ್ಲಾಸಿನ ಸೆಂಟರ್‌ಗಳು ಕೂಡಿ ಬಂದಿಲ್ಲ. ಬಲಗಣ್ಣು ಮುಚ್ಚಿದಾಗ ಬಲಗಡೆಯದೇ ಹೋಗೋದಾದ್ರ ನಿಮ್ಮ ಕಣ್ಣುಗಳನ್ನ ಗ್ಲಾಸು ಹೊರಗಡೆ ಎಳೀಲಿಕ್ಕತ್ತದ.

ಮೈನಸ್ ಗ್ಲಾಸು ನಡುವ ತೆಳು, ಅಂಚಿಗೆ ದಪ್ಪ. ಅದರ ಸೆಂಟರ್ ನಿಮ್ಮ ಪಾಪೆಗಿಂತ ಕಿವಿ ಕಡೆ ಸರದು ಕುಂತಿದ್ರ, ನೀವು ಸೆಂಟರ್‌ನಿಂದ ಮೂಗಿನ ಕಡೆಯ ಜಾಗದಾಗಿಂದ ನೋಡ್ತೀರಿ. ಅಲ್ಲಿ ಗ್ಲಾಸಿನ ದಪ್ಪ ಮೂಗಿನ ಕಡೆ ಏರ್ತಾ ಹೋಗ್ತದ, ಅಂದ್ರ ಪ್ರಿಸಂನ ತಳ ಮೂಗಿನ ಕಡೆ. ಚಿತ್ರ ಯಾವಾಗಲೂ ಪ್ರಿಸಂನ ತುದಿ ಕಡೆ ಸರೀತದ. ಹಿಂಗಾಗಿ ಬಲಗಣ್ಣಿನ ಚಿತ್ರ ಬಲಕ್ಕ, ಎಡಗಣ್ಣಿಂದು ಎಡಕ್ಕ. ಎರಡನ್ನೂ ಒಂದು ಮಾಡ್ಬೇಕಂದ್ರ ಕಣ್ಣುಗಳು ಹೊರಮುಖ ಆಗಿ ತಿರುಗ್ಬೇಕು. ಒಳಗ ತಿರುಗೋದು ಕಣ್ಣಿಗೆ ದಿನದ ಕೆಲಸ, ಹೊರಗ ತಿರುಗೋ ತಾಕತ್ತು ಭಾಳ ಕಡಿಮಿ. ದೂರ ನೋಡುವಾಗ ಹೆಚ್ಚಿನವರಿಗೆ ಆರೇಳು ಪ್ರಿಸಂ ದಾಟಿದ್ರ ಚಿತ್ರ ಒಡೀತದ.

ಮೊಬೈಲ್ ಆರಾಮ ಅನ್ಸೋದೂ ಇದರದೇ ಗುರುತು. ಹತ್ತಿರ ಓದ್ಬೇಕಂದ್ರ ಕಣ್ಣು ಒಳಗ ತಿರುಗ್ಬೇಕು; ಈ ಪ್ರಿಸಂ ಅದರಾಗಿನ ಒಂದಷ್ಟು ಕೆಲಸ ತಾನೇ ಮಾಡಿ ಕೊಡ್ತದ. ಅದಕ್ಕೇ ಹತ್ತಿರ ಸುಖ, ದೂರ ತ್ರಾಸು.

ಈಗ ಅಳತಿ ತಗೋಬೇಕು. ನೀವೇ ಮಾಡ್ಬ್ಯಾಡ್ರಿ. −9.00 ಇರೋವ್ರಿಗೆ ಚಷ್ಮಾ ತೆಗದ್ರ 11 ಸೆಂ.ಮೀ. ಆಚೆ ಎಲ್ಲಾ ಮಸಕು. ಮನ್ಯಾಗ ಚಷ್ಮಾ ಇಲ್ದೆ ಚೆಂದ ಕಾಣೋವ್ರು ಯಾರರೆ ಇದ್ರ ಅವರ ಕೈಯಿಂದ ಮಾಡಸ್ರಿ.

ಗ್ವಾಡಿ ಮ್ಯಾಲೆ ಕರೆಂಟಿನ ಕಪ್ಪು ಟೇಪಿನಿಂದ ಒಂದು ದೊಡ್ಡ ಅಧಿಕ ಚಿಹ್ನೆ ಹಚ್ರಿ, ಒಂದೊಂದು ಪಟ್ಟಿ ಅರ್ಧ ಮೀಟರ್ ಉದ್ದ ಇರ್ಲಿ. ಅಲ್ಲಿಂದ ಮೂರು ಮೀಟರ್ ದೂರ ನಿಂತು, ಚಷ್ಮಾ ಒಂದು ಕೈ ದೂರದಾಗ ನೆಟ್ಟಗ ಹಿಡೀಬೇಕು, ಒಂದು ಕಣ್ಣು ಮುಚ್ಚಬೇಕು. ಗ್ಲಾಸಿನ ಒಳಗ ಕಾಣೋ ಗೆರೆ ಮತ್ತು ಹೊರಗಿನ ಗೆರೆ ಮುರದಂಗ ಕಾಣ್ತಾವ. ಚಷ್ಮಾ ಎಡಬಲ ಸರಿಸ್ತಾ ಹೋದ್ರ ಒಂದು ಜಾಗದಾಗ ನಿಂತಗೆರೆ ಮ್ಯಾಲಿಂದ ಗ್ಲಾಸಿನೊಳಗ ಹಾದು ಕೆಳಗಿನ ತನಕ ಒಂದೇ ಆಗ್ತದ. ಹಂಗೇ ಮ್ಯಾಲೆ-ಕೆಳಗ ಸರಿಸಿ ಅಡ್ಡಗೆರೆನೂ ಕೂಡಸ್ರಿ. ಎರಡೂ ಕೂಡಿದಾಗ ಗ್ಲಾಸಿನ್ಯಾಗ ಗೆರೆಗಳು ದಾಟೋ ಜಾಗಾನೇ ಸೆಂಟರ್. ಅಲ್ಲಿ ಮಾರ್ಕರ್‌ನಿಂದ ಸಣ್ಣ ಚುಕ್ಕಿ ಇಡ್ರಿ. ಇನ್ನೊಂದು ಗ್ಲಾಸಿಗೂ ಹಂಗೇ. ಆಮ್ಯಾಲೆ ಚುಕ್ಕಿಯಿಂದ ಚುಕ್ಕಿಗೆ ಎಷ್ಟು ಮಿ.ಮೀ., ಪ್ರತಿ ಚುಕ್ಕಿ ಕೆಳಗಿನ ರಿಮ್‌ನಿಂದ ಎಷ್ಟು ಎತ್ತರ, ಗ್ಲಾಸಿನ ಒಟ್ಟು ಎತ್ತರ ಎಷ್ಟು, ಇವು ಬೇಕು. ಈ ಅಳತಿಯೊಳಗ ಒಂದು ಮಿ.ಮೀ. ಹೆಚ್ಚುಕಡಿಮಿ ಆಗ್ತದ, ಅದಕ್ಕ ಮೂರು ಸಲ ಮಾಡ್ರಿ.

ಪಿ.ಡಿ.ಗೆ ಮಿ.ಮೀ. ಪಟ್ಟಿ ಸಾಕು. ಅಳಿಯೋವ್ರು ನಿಮ್ಮ ಎದುರಿಗೆ ಕುಂತು, ತಮ್ಮ ಬಲಗಣ್ಣು ಮುಚ್ಚಿ, ನಿಮಗ ತಮ್ಮ ತೆರದ ಎಡಗಣ್ಣು ನೋಡ್ಲಿಕ್ಕೆ ಹೇಳ್ಲಿ. ಪಟ್ಟಿಯ ಸೊನ್ನಿ ನಿಮ್ಮ ಬಲಗಣ್ಣಿನ ಕಪ್ಪುಗುಡ್ಡೆಯ ಹೊರಂಚಿಗೆ ಬರ್ಲಿ. ಪಟ್ಟಿ ಅಲುಗಿಸದೆ ಅವರು ಕಣ್ಣು ಬದಲ್ ಮಾಡ್ಬೇಕು, ನೀವು ಅವರ ಬಲಗಣ್ಣು ನೋಡ್ಬೇಕು. ಈಗ ನಿಮ್ಮ ಎಡಗಣ್ಣಿನ ಕಪ್ಪುಗುಡ್ಡೆಯ ಮೂಗಿನ ಕಡೆಯ ಅಂಚು ಎಲ್ಲಿ ಬರ್ತದೋ ಅದೇ ಪಿ.ಡಿ.

ಬಸವಕಲ್ಯಾಣ 22

ಸರ್, ನಮ್ಮ ಹುಡುಗಿಗೆ ದವಾಖಾನ್ಯಾಗ ಡಾಕ್ಟ್ರೇ ಪ್ರಿಸಂ ಅಂತ ಬರದು ಕೊಟ್ಟಾರ, ಪ್ರತಿ ಕಣ್ಣಿಗೆ 3. ನೀವು ಹೇಳೋದು ಕೇಳಿದ್ರ ಪ್ರಿಸಂ ಅಂದ್ರ ತಪ್ಪು ಫಿಟ್ಟಿಂಗ್ ಅಂದಂಗಾತು. ತೆಗಸಬೇಕೇನ್ರಿ?

ಬೀದರ್ ಆಪ್ಟೋಮೆಟ್ರಿ

ತೆಗಸಬ್ಯಾಡ್ರಿ ಅಕ್ಕಾ! ನಿಮ್ದು ಬ್ಯಾರೆ ಮಾತು. ಎರಡು ಕಣ್ಣು ಒಂದೇ ದಿಕ್ಕಿಗೆ ನಿಲ್ಲದೇ ಇದ್ದಾಗ ಚಿತ್ರಗಳನ್ನ ಕೂಡಸ್ಲಿಕ್ಕೆ ಅಳತಿ ಮಾಡಿ ಹಾಕಿದ ಪ್ರಿಸಂ ಅದು. ಅಂಥಾ ಚಷ್ಮಾದಾಗ ಈ ಚುಕ್ಕಿ ಪರೀಕ್ಷೆ ಮಾಡಿದ್ರ ಸೆಂಟರ್ ಪಾಪೆಯ ಎದುರಿಗೆ ಬರೂದಿಲ್ಲ, ಬರಬಾರ್ದು. ಯಾವ ಅಂಗಡಿಯವರರೆ "ಸೆಂಟರ್ ಸರದದ, ಸರಿ ಮಾಡಿ ಕೊಡ್ತೀವಿ" ಅಂದ್ರ ಚೀಟಿ ತೋರಸ್ರಿ. ಇಲ್ಲಿ ನಾವು ಮಾತಾಡ್ಲಿಕ್ಕತ್ತಿದ್ದು ಯಾರೂ ಬರೀದೆ ತಾನಾಗೇ ಹುಟ್ಟಿದ ಪ್ರಿಸಂ ಬಗ್ಗೆ.

ಸೇಡಂ ರೋಡ್

ತಮ್ಮನ ಕೈಯಿಂದ ಮೂರು ಸಲ ಅಳಸಿದೆ. ಪಿ.ಡಿ. 60, ಮೂರೂ ಸಲ. ಚುಕ್ಕಿಯಿಂದ ಚುಕ್ಕಿಗೆ 71. ಬಲಗಡೆ ಚುಕ್ಕಿ ಕೆಳಗಿನ ರಿಮ್‌ನಿಂದ 20, ಎಡಗಡೆ 18. ಗ್ಲಾಸಿನ ಎತ್ತರ 38.

ಬೀದರ್ ಆಪ್ಟೋಮೆಟ್ರಿ

ಈಗ ಚಿತ್ರ ಬಿಡಿಸಿ ಹೇಳ್ಬಹುದು. ಫ್ರೇಮಿನ ಮ್ಯಾಲೆ 54□18 ಅದ, ಅಂದ್ರ ಒಂದು ಗ್ಲಾಸಿನ ಅಗಲ 54 ಮಿ.ಮೀ., ಎರಡರ ನಡುವ ಮೂಗಿನ ಸಂದಿ 18. ಕೂಡಿಸಿದ್ರ 72. ಇದು ಎರಡು ರಿಮ್‌ಗಳ ನಡುಮಧ್ಯದ ಅಂತರ. ನಿಮ್ಮ ಸೆಂಟರ್‌ಗಳು 71ಕ್ಕ ಕುಂತಾವ. ಅಂದ್ರ ನಿಮ್ಮ ಕಣ್ಣು ಎಲ್ಲಿ ಅದ ಅಂತ ನೋಡದೆ ಗ್ಲಾಸಿನ ಸೆಂಟರ್ ತಂದು ಫ್ರೇಮಿನ ನಡುವ ಇಟ್ಟು ಕೊರದಾರ.

71ರಾಗ 60 ಹೋದ್ರ 11 ಮಿ.ಮೀ., ಅಂದ್ರ 1.1 ಸೆಂ.ಮೀ. 1.1 × 9 = 9.9. ಎರಡೂ ಕಣ್ಣು ಕೂಡಿ ಸುಮಾರು ಹತ್ತು ಪ್ರಿಸಂ ಹೊರಗ ಎಳೀತದ. ಹತ್ತು ಮೀಟರ್ ಆಚೆಯ ಬೋರ್ಡಿಗೆ ಲೆಕ್ಕ ಹಾಕಿದ್ರ ಎರಡು ಚಿತ್ರ ಹತ್ತತ್ರ ಒಂದು ಮೀಟರ್ ದೂರ ಬೀಳ್ತಾವ. ಅದನ್ನ ನಿಮ್ಮ ಕಣ್ಣಿನ ಸ್ನಾಯು ಇಡೀ ದಿನ ಎಳದು ಕೂಡಸ್ಲಿಕ್ಕತ್ತಾವ. ಮುಂಜಾನೆ ಆಗ್ತದ, ಸಂಜಿಗೆ ಆಗೂದಿಲ್ಲ.

ಆದ್ರ ನನಗ ಅದಕ್ಕಿಂತ ಹೆಚ್ಚು ಚಿಂತಿ 20 ಮತ್ತು 18ರ ಬಗ್ಗೆ. ಎರಡು ಮಿ.ಮೀ. ಎತ್ತರದ ಫರಕು, 0.2 × 9 = 1.8 ಪ್ರಿಸಂ. ಒಂದು ಕಣ್ಣು ಮ್ಯಾಲೆ, ಒಂದು ಕೆಳಗ ನೋಡಿದ್ರ ಮಾತ್ರ ಇದು ಕೂಡ್ತದ. ಮನುಷ್ಯಾಗ ಆ ದಿಕ್ಕಿನ ಶಕ್ತಿ ಭಾಳ ಸಣ್ಣದು, ಒಂದು ಪ್ರಿಸಂಗೇ ತಲಿ ನೋಯೋವ್ರು ಅದಾರ. ಎರಡನೇ ಬೋರ್ಡು ಮ್ಯಾಲೆ-ಕೆಳಗ ಇರ್ತದ ಅಂದ್ರಲ್ಲ, ಅದು ಇದೇ. ಒಂದು ಚೆಕ್ ಮಾಡ್ರಿ: ಚಷ್ಮಾ ಬೋರಲು ಹಾಕಿ ಸಪಾಟ ಮೇಜಿನ ಮ್ಯಾಲೆ ಇಡ್ರಿ. ಎರಡೂ ರಿಮ್, ಎರಡೂ ಕಡ್ಡಿ ಮೇಜಿಗೆ ಮುಟ್ಟಬೇಕು. ಒಂದು ಎದ್ದು ನಿಂತ್ರ ಫ್ರೇಮು ಸೊಟ್ಟ, ಮುಖದ ಮ್ಯಾಲೆ ಈ ಎರಡು ಮಿ.ಮೀ. ಇನ್ನೂ ಬ್ಯಾರೆ ಆಗಿರ್ಬಹುದು.

ಈಗ ನಾಕಾ ಅವರ ಬಣ್ಣದ ಮಾತು. ಪ್ರಿಸಂ ಇದ್ದಲ್ಲೆಲ್ಲಾ ಬಣ್ಣ ಬಿಡಿಸ್ತದ, ಎಷ್ಟು ಬಿಡಿಸ್ತದ ಅನ್ನೋದು ಗ್ಲಾಸಿನ ಆಬೆ ನಂಬರ್ ಮ್ಯಾಲೆ. ಸಾದಾ ಸಿಆರ್-39 ಪ್ಲಾಸ್ಟಿಕ್ಕಿಗೆ ಅದು 58, 1.67ಕ್ಕ ಸುಮಾರು 32. ಪ್ರಿಸಂ ಅನ್ನು ಆ ಅಂಕಿಯಿಂದ ಭಾಗಿಸಬೇಕು. ನಿಮ್ಮ ಒಂದೊಂದು ಕಣ್ಣಿಗೆ ಐದರ ಹತ್ರ ಪ್ರಿಸಂ, 32ರಿಂದ ಭಾಗಿಸಿದ್ರ 0.15. 0.1 ದಾಟಿದ್ರ ಹೆಚ್ಚಿನವರಿಗೆ ಬಣ್ಣದ ಅಂಚು ಕಾಣ್ತದ ಅಂತ ನಮ್ಮ ಕೆಲಸದಾಗ ಲೆಕ್ಕ. ಸಾದಾ ಗ್ಲಾಸಿನ್ಯಾಗ 0.09 ಆಗ್ತಿತ್ತು. ಅಂದ್ರ ಸಾದಾ ಗ್ಲಾಸು ಹಾಕ್ಸಿದ್ರ ಬಣ್ಣ ಕಡಿಮಿ ಆಗ್ತದ, ನಾಕಾ ಅವರು ಅಷ್ಟರ ಮಟ್ಟಿಗೆ ಸರಿ. ಆದ್ರ ಬೋರ್ಡು ಹಂಗೇ ಎರಡಾಗ್ತದ. ಸೆಂಟರ್ ಪಾಪೆಯ ಎದುರಿಗೆ ಬಂದ್ರ 1.67ರಾಗೂ ನೇರ ನೋಟದಾಗ ಬಣ್ಣ ಇರೂದಿಲ್ಲ, ಕಣ್ಣು ಓರೆ ಮಾಡಿ ಅಂಚಿನಿಂದ ನೋಡಿದಾಗ ಅಷ್ಟೇ ಉಳೀತದ.

ಹುಮನಾಬಾದ್ ನಾಕಾ

ಸರ್ ಒಪ್ಪಿದೆ. ಆದ್ರ ರೂಢಿ ಆಗ್ತದ ಅನ್ನೋದು ಸುಳ್ಳಲ್ಲ. ಮೆದುಳು ಹೊಂದಿಕೊಳ್ತದ.

ಬೀದರ್ ಆಪ್ಟೋಮೆಟ್ರಿ

ಹೊಂದಿಕೊಳ್ತದ, ಖರೆ. ಒಂದೆರಡು ಪ್ರಿಸಂ ಅಡ್ಡ ಇದ್ರ ಭಾಳ ಮಂದಿ ನಾಲ್ಕೈದು ದಿನದಾಗ ಮರೀತಾರ. ಹೊಸಾ ನಂಬರಿನ್ಯಾಗ ನೆಲ ಡೊಂಕು ಕಾಣೋದು, ವಸ್ತು ಸಣ್ಣ ಕಾಣೋದು, ಇವೂ ಇಳೀತಾವ. ಒಂಬತ್ತು ದಿನದ ಮ್ಯಾಲೂ ಚಿತ್ರ ಎರಡಾಗ್ತದ ಅಂದ್ರ ಅದು ರೂಢಿಯ ಕೆಲಸ ಅಲ್ಲ. ಇನ್ನೊಂದು, ಹತ್ತು ಪ್ರಿಸಂಗೆ ಒಬ್ಬರು ಹೊಂದಿಕೊಂಡ್ರೇ ಅಂತ ಇಟ್ಕೊಳ್ರಿ, ಮುಂದ ಸರಿಯಾದ ಚಷ್ಮಾ ಕೊಟ್ಟಾಗ ಅವರಿಗೆ ಅದೇ ತಪ್ಪು ಅನಸ್ತದ.

ಗ್ರೈಂಡಿಂಗ್ ಮೇಜು

ಅಂಗಡಿ ಹಿಂದಿನ ಖೋಲಿಯ ಮಾತು ನಾನು ಹೇಳ್ತೀನಿ. ಪಿ.ಡಿ. ತಗೊಳ್ಳದೆ ಇದ್ದದ್ದು ತಪ್ಪು, ಅದರಾಗ ಎರಡು ಮಾತಿಲ್ಲ. ಆದ್ರ 54ರ ಫ್ರೇಮಿನ್ಯಾಗ 60ರ ಪಿ.ಡಿ. ಕೂಡಿಸಬೇಕಂದ್ರೂ ಗ್ಲಾಸು ಸಾಲೂದಿಲ್ಲ.

ನಮಗ ಬರೋ ಬ್ಲಾಂಕು, ಅಂದ್ರ ಇನ್ನೂ ಕೊರೀದ ಗುಂಡು ಗ್ಲಾಸು, ಸಾಮಾನ್ಯವಾಗಿ 65 ಅಥವಾ 70 ಮಿ.ಮೀ. ಸೆಂಟರ್ ಅದರ ನಟ್ಟನಡುವ. ರಿಮ್‌ನ ಅತಿ ಉದ್ದದ ಓರೆ ಅಳತಿ ಈ ಫ್ರೇಮಿಗೆ 57ರ ಆಸುಪಾಸು ಬರ್ತದ. ಪ್ರತಿ ಗ್ಲಾಸು ಮೂಗಿನ ಕಡೆ 6 ಮಿ.ಮೀ. ಸರಿಸಬೇಕು, 72ರಾಗ 60 ಹೋಗಿ ಅರ್ಧ. ಸರಿಸಿದ್ದರ ಎರಡು ಪಟ್ಟು ಬ್ಲಾಂಕು ಹೆಚ್ಚು ಬೇಕು. 57 + 12, ಅಂಚು ಚಕ್ಕಿ ಏಳಬಾರ್ದು ಅಂತ ಮ್ಯಾಲೆ 2. ಒಟ್ಟು 71. 70ರ ಬ್ಲಾಂಕು ಹಚ್ಚಿದ್ರ ಕಿವಿ ಕಡೆಯ ಮೂಲ್ಯಾಗ ಗ್ಲಾಸು ಕಡಿಮಿ ಬಿದ್ದು ಸಂದಿ ಕಾಣ್ತದ. ಗಿರಾಕಿ ಸಂದಿ ನೋಡಿ ಜಗಳಾಡ್ತಾರ, ಸೆಂಟರ್ ಸರದದ್ದು ಅವರಿಗೆ ಕಾಣೂದಿಲ್ಲ. ಹಿಂಗಾಗಿ ಹುಡುಗ್ರು ನಡುವ ಇಟ್ಟು ಕೊರದು ಬಿಡ್ತಾರ.

ಎರಡನೇ ಕಾರಣ ದಪ್ಪ. ನಡುವ ಇಟ್ರ ಸೆಂಟರ್‌ನಿಂದ ಎರಡೂ ಕಡೆ 27 ಮಿ.ಮೀ., 1.67ರಾಗ ಅಂಚು ಸುಮಾರು ಆರೂವರೆ ಮಿ.ಮೀ. ಸರಿಯಾಗಿ 6 ಒಳಗ ಸರಿಸಿದ್ರ ಕಿವಿ ಕಡೆ 33 ಮಿ.ಮೀ. ಆಗ್ತದ, ಅಂಚು ಹತ್ತತ್ರ ಒಂಬತ್ತು. ದಪ್ಪ ಏರೋದು ದೂರದ ವರ್ಗದ ಲೆಕ್ಕದಾಗ, ಅದಕ್ಕ ಬರೇ 6 ಮಿ.ಮೀ. ಇಷ್ಟು ಮಾಡ್ತದ. ತೆಳು ಗ್ಲಾಸು ಅಂತ ರೊಕ್ಕ ಕೊಟ್ಟವ್ರಿಗೆ ಒಂಬತ್ತು ಮಿ.ಮೀ. ತೋರ್ಸಿದ್ರ ಏನಂತಾರ? ದೊಡ್ಡ ನಂಬರಿಗೆ ದೊಡ್ಡ ಫ್ರೇಮು ಕೊಡೋದೇ ಮೊದಲನೇ ತಪ್ಪು. ಉಳಿದ ತಪ್ಪೆಲ್ಲಾ ಅದರ ಬೆನ್ನಿಗೆ ಬರ್ತಾವ.

ಈಗ ಉಪಾಯ. ಸೇಡಂ ರೋಡ್ ಅಣ್ಣಾ, ಹೊಸಾ ಗ್ಲಾಸು ಬ್ಯಾಡ. ಇದೇ ಗ್ಲಾಸು ಸಣ್ಣ ಫ್ರೇಮಿಗೆ ಮತ್ತ ಕೊರೀಬಹುದು. 46□16 ಫ್ರೇಮು ತಗೊಂಡ್ರ ನಡುಮಧ್ಯದ ಅಂತರ 62. ಪಿ.ಡಿ. 60. ಪ್ರತಿ ಕಡೆ ಒಂದೇ ಮಿ.ಮೀ. ಒಳಗ. ಸೆಂಟರ್‌ನಿಂದ ಕಿವಿ ಕಡೆ 24 ಬೇಕು, ಮೂಗಿನ ಕಡೆ 22. ನಿಮ್ಮ ಗ್ಲಾಸಿನ್ಯಾಗ ಎರಡೂ ಕಡೆ 26–27 ಅದ. ಅಡ್ಡಕ್ಕ ಆರಾಮ ಕುಂದ್ರತದ, ಅಂಚೂ ಐದೂವರೆಗೆ ಇಳೀತದ. ಒಂದು ಮಾತು, ಮತ್ತ ಕೊರೆಯುವಾಗ ಕೋಟಿಂಗ್ ಅಂಚಿಗೆ ಬಿರುಕು ಬಿಡೋ ಅಪಾಯ ಇರ್ತದ. ಒತ್ತಡ ಕಡಿಮಿ ಇಟ್ಟು, ಹಿಡಿಯೋ ಪ್ಯಾಡಿನ ಕೆಳಗ ಕಾಯೋ ಸ್ಟಿಕ್ಕರ್ ಹಚ್ಚಿ ಮಾಡಬೇಕು.

ಆಳಂದ ಅಕ್ಕ

ನಮ್ಮ ಅವ್ವಗ ಬಲಗಣ್ಣಿನ ಪೊರೆ ಆಪರೇಷನ್ ಆಗ್ಯದ, ಈಗ −1.00. ಎಡಗಣ್ಣು ಇನ್ನೂ ಆಗಿಲ್ಲ, −7.00. ಎರಡು ಭಾಗದ ಚಷ್ಮಾ ಕೊಟ್ಟಾರ. ದೂರ ಒಂದೇ ಕಾಣ್ತದ, ಪಂಚಾಂಗ ಓದ್ಲಿಕ್ಕೆ ಕುಂತ್ರ ಸಾಲಿನ ಮ್ಯಾಲೆ ಸಾಲು ಏರ್ತದ ಅಂತಾಳ. ಇದೂ ಸೆಂಟರ್ ತಪ್ಪೇನ್ರಿ? ಚುಕ್ಕಿ ಇಟ್ಟು ನೋಡಿದೆ, ಎರಡೂ ಸಮ ಅವ.

ಬೀದರ್ ಆಪ್ಟೋಮೆಟ್ರಿ

ಅಕ್ಕಾ, ನೀವು ಚುಕ್ಕಿ ಇಟ್ಟು ನೋಡಿದ್ದು ಛಲೋ ಆತು, ಯಾಕಂದ್ರ ಇಲ್ಲಿ ಫಿಟ್ಟಿಂಗ್ ಬರೋಬ್ಬರಿ ಇದ್ರೂ ಈ ತೊಂದರೆ ಬಂದೇ ಬರ್ತದ. ನೇರ ನೋಡುವಾಗ ಎರಡೂ ಕಣ್ಣು ಸೆಂಟರ್‌ನಿಂದ ನೋಡ್ತಾವ, ಪ್ರಿಸಂ ಸೊನ್ನಿ. ಓದ್ಲಿಕ್ಕೆ ಕಣ್ಣು ಕೆಳಗ ಮಾಡಿದ್ರ ಸೆಂಟರ್‌ನಿಂದ ಒಂದು ಸೆಂ.ಮೀ. ಕೆಳಗಿಂದ ನೋಡ್ತಾರ. ಆವಾಗ ಬಲಕ್ಕ 1 ಪ್ರಿಸಂ, ಎಡಕ್ಕ 7. ಎರಡೂ ಒಂದೇ ದಿಕ್ಕಿಗೆ, ಆದ್ರ ಫರಕು 6. ಈ ಫರಕನ್ನ ಯಾವ ಕಣ್ಣೂ ಕೂಡಸೂದಿಲ್ಲ. ಓದೋ ಭಾಗದ ನಂಬರ್ ಎರಡಕ್ಕೂ ಒಂದೇ ಇರೋದ್ರಿಂದ ಅದು ಈ ಫರಕು ಹೆಚ್ಚಿಸೂದಿಲ್ಲ, ಕಡಿಮಿನೂ ಮಾಡೂದಿಲ್ಲ.

ಈಗಿಂದೀಗ ಮಾಡೋದು ಇಷ್ಟು: ಓದ್ಲಿಕ್ಕೆ ಬ್ಯಾರೆ ಚಷ್ಮಾ ಮಾಡಸ್ರಿ, ಎರಡು ಭಾಗ ಇಲ್ಲದ್ದು, ಸೆಂಟರ್‌ಗಳನ್ನ ಓದೋ ಎತ್ತರಕ್ಕ ಕೆಳಗ ಇಟ್ಟು. ಅದನ್ನ ಹಾಕ್ಕೊಂಡಾಗ ಕಣ್ಣಲ್ಲ, ಗದ್ದ ಕೆಳಗ ಮಾಡಿ ಓದ್ಬೇಕು. ಒಂದು ಗ್ಲಾಸಿನ ಕೆಳಭಾಗದಾಗ ಅಷ್ಟೇ ಪ್ರಿಸಂ ಕಳೆಯೋ ಹಂಗ ಸ್ಲ್ಯಾಬ್-ಆಫ್ ಕೊರಿಸೋ ದಾರಿನೂ ಅದ, ಆದ್ರ ಎಲ್ಲಾ ಲ್ಯಾಬಿನ್ಯಾಗ ಮಾಡೂದಿಲ್ಲ. ಎಡಗಣ್ಣಿನ ಆಪರೇಷನ್ ಹತ್ತಿರ ಇದ್ರ ಅದಕ್ಕ ರೊಕ್ಕ ಹಾಕಬ್ಯಾಡ್ರಿ. ಎರಡು ಕಣ್ಣಿಗೆ ಚಿತ್ರದ ಗಾತ್ರಾನೂ ಬ್ಯಾರೆ ಆಗಿರ್ತದ, ಅದು ಯಾವ ಸೆಂಟರಿಂಗ್‌ನಿಂದಲೂ ಹೋಗೂದಿಲ್ಲ.

ಸೇಡಂ ರೋಡ್

ಅಂಗಡಿಗೆ ಹೋಗಿ ಚುಕ್ಕಿ ತೋರ್ಸಿದೆ. ಮೊದಲು ಒಪ್ಪಲಿಲ್ಲ. ಲೆನ್ಸೋಮೀಟರ್‌ನ ಮಸಿ ಚುಕ್ಕಿ ಹೊಡಿಸಿ, ಚಷ್ಮಾ ನನ್ನ ಮುಖಕ್ಕ ಹಾಕಿ ನೋಡ್ರಿ ಅಂದೆ. ಹಾಕಿದ್ರ ಎರಡೂ ಚುಕ್ಕಿ ಪಾಪೆ ಬಿಟ್ಟು ಕಪ್ಪುಗುಡ್ಡೆಯ ಹೊರಂಚಿಗೆ ಕುಂತಿದ್ವು. ನೋಡಿ ಸುಮ್ಮನಾದ್ರು. 46□16 ಫ್ರೇಮಿಗೆ ಇವೇ ಗ್ಲಾಸು ಕೊರದು ಕೊಡ್ತೀವಿ ಅಂದಾರ, ಫ್ರೇಮಿನ ಎತ್ತರ 34. ಮೇಜಿನ ಮ್ಯಾಲೆ ಇಟ್ಟು ನೋಡಿದೆ, ಹಳೇ ಫ್ರೇಮು ಸೊಟ್ಟ ಇಲ್ಲ. ಸೆಂಟರ್ ಎತ್ತರ ಎಷ್ಟು ಬರಸ್ಲಿ? ಹೊಸಾ ಫ್ರೇಮು ಹಾಕ್ಕೊಂಡು ನೇರ ನೋಡಿದ್ರ ಪಾಪೆ ರಿಮ್‌ನ ನಡುಮಧ್ಯಕ್ಕಿಂತ 4 ಮಿ.ಮೀ. ಮ್ಯಾಲೆ ಬರ್ತದ, ಎರಡೂ ಕಣ್ಣಿಗೆ ಸಮ.

ಗ್ರೈಂಡಿಂಗ್ ಮೇಜು

ಪಾಪೆಯ ಎದುರಿಗೇ ಇಡಸ್ರಿ ಅಂತ ನಾನು ಹೇಳ್ತಿದ್ದೆ, ಆದ್ರ ನಿಮ್ಮ ಎಡಗಡೆ ಗ್ಲಾಸಿನ್ಯಾಗ ಚುಕ್ಕಿಯ ಕೆಳಗ ಇರೋದೇ 18 ಮಿ.ಮೀ. 34ರ ಅರ್ಧ 17, ಅದರ ಮ್ಯಾಲೆ 4 ಏರ್ಸಿದ್ರ ಕೆಳಗ 21 ಬೇಕು. ಸಾಲೂದಿಲ್ಲ. ನಡುಮಧ್ಯದಾಗ, ಅಂದ್ರ 17ಕ್ಕ ಇಟ್ರ ಒಂದು ಮಿ.ಮೀ. ಉಳೀತದ, ಕೊರೀಲಿಕ್ಕೆ ಅಷ್ಟು ಬೇಕೇ ಬೇಕು. ಹಂಗಾಗಿ ಈ ಗ್ಲಾಸಿಗೆ 17 ಬಿಟ್ಟು ದಾರಿಯಿಲ್ಲ. ಆದ್ರ ಅದು ನನಗ ಸಮಾಧಾನ ಇಲ್ಲ: ನೇರ ನೋಡುವಾಗ 4 ಮಿ.ಮೀ. ಮ್ಯಾಲಿಂದ ನೋಡ್ತಾರ, 3.6 ಪ್ರಿಸಂ, 1.67ರಾಗ ಬಣ್ಣ ಕಂಡೀತು.

ಬೀದರ್ ಆಪ್ಟೋಮೆಟ್ರಿ

17ಕ್ಕ ಇಡಸ್ರಿ, ನಾನು ಗ್ಲಾಸು ಸಾಲ್ತಿದ್ರೂ ಅದನ್ನೇ ಬರೀತಿದ್ದೆ. ಫ್ರೇಮಿನ ಕೆಳಭಾಗ ಕೆನ್ನಿ ಕಡೆ ಬಾಗಿರ್ತದ. ಪ್ರತಿ 2 ಡಿಗ್ರಿ ಬಾಗಿಗೆ ಸೆಂಟರ್ ಒಂದು ಮಿ.ಮೀ. ಇಳಿಸಬೇಕು, ಆವಾಗ ಗ್ಲಾಸಿನ ಅಕ್ಷ ಕಣ್ಣುಗುಡ್ಡೆ ತಿರುಗೋ ಕೇಂದ್ರಕ್ಕ ಹಾದು ಹೋಗ್ತದ, ಓರೆ ನೋಟದಾಗ ಮಸಕು ಕಡಿಮಿ. ನಿಮ್ಮ ಫ್ರೇಮಿನ ಬಾಗು 8 ಡಿಗ್ರಿ ಇದ್ರ ಬರೋಬ್ಬರಿ 4 ಮಿ.ಮೀ. ಆ 3.6 ಪ್ರಿಸಂ ಎರಡೂ ಕಣ್ಣಿಗೆ ಒಂದೇ ದಿಕ್ಕಿಗೆ, ಒಂದೇ ಅಳತಿ. ಫರಕು ಇಲ್ಲದ್ದರಿಂದ ಚಿತ್ರ ಒಡಿಯೂದಿಲ್ಲ.

ಗ್ರೈಂಡಿಂಗ್ ಮೇಜು

ಒಡಿಯೂದಿಲ್ಲ, ಒಪ್ಪಿದೆ. ಬಣ್ಣದ ಮಾತು ಹಂಗೇ ಉಳೀತು ಸರ್. 3.6 ಭಾಗ 32 ಅಂದ್ರ 0.11. ನೀವೇ 0.1 ಅಂದೀರಿ. ನಾನು ಕೊರದು ಕೊಟ್ಟವ್ರೊಳಗ −8 ದಾಟಿದವ್ರು ಎರಡು ಮಿ.ಮೀ.ಗಿಂತ ಹೆಚ್ಚು ಇಳಿಸಿದ್ರ ದೀಪದ ಕೆಳಗ ನೀಲಿ ಗೆರೆ ಅಂತ ವಾಪಸ್ ಬರ್ತಾರ.

ಬೀದರ್ ಆಪ್ಟೋಮೆಟ್ರಿ

ಗಡಿ ಮ್ಯಾಲೆ ಅದ, ಅಲ್ಲಗಳೆಯೂದಿಲ್ಲ. ಕೆಲವರಿಗೆ ಕಾಣ್ತದ, ಕೆಲವರಿಗೆ ಇಲ್ಲ. ಬಾಗು ಕಡಿಮಿ ಇರೋ ಫ್ರೇಮು ಸಿಕ್ರ ಇಬ್ಬರ ಮಾತೂ ನಡೀತದ. ಸೇಡಂ ರೋಡ್ ಅವ್ರೇ, ಮೂಗಿನ ಪ್ಯಾಡು ಬಗ್ಗಿಸಲಿಕ್ಕೆ ಬರೋ ಲೋಹದ ಫ್ರೇಮು ಆರಸ್ರಿ. ಪ್ಯಾಡು ಥೋಡೆ ಹತ್ತಿರ ಮಾಡಿದ್ರ ಫ್ರೇಮು ಮೂಗಿನ ಮ್ಯಾಲೆ ಏರ್ತದ, ಪಾಪೆ ಮತ್ತು ಸೆಂಟರ್ ಒಂದೆರಡು ಮಿ.ಮೀ. ಹತ್ರ ಬರ್ತಾವ. ಚೀಟಿ ಮ್ಯಾಲೆ ಹಿಂಗ ಬರಸ್ರಿ: ಸೆಂಟರ್ ಅಂತರ 60, ಮೂಗಿನ ನಡುವಿನಿಂದ ಬಲ ಎಷ್ಟು, ಎಡ ಎಷ್ಟು ಬ್ಯಾರೆಬ್ಯಾರೆ, ಎತ್ತರ ಎರಡೂ 17. ಬಲ-ಎಡ ಅಳತಿ ಇನ್ನೂ ತಗೊಂಡಿಲ್ಲಲ್ಲ? ಮೂಗು ಎಲ್ಲರಿಗೂ ನಟ್ಟನಡುವ ಇರೂದಿಲ್ಲ. 31 ಮತ್ತು 29 ಇದ್ದವ್ರಿಗೆ 30-30 ಕೊರದ್ರ ಅಂತರ 60 ಸರಿ ಬರ್ತದ, ಆದ್ರ ಎರಡೂ ಕಣ್ಣು ಸೆಂಟರ್‌ನಿಂದ ಒಂದೇ ಬಾಜೂಕ ಒಂದು ಮಿ.ಮೀ. ಸರೀತಾವ.

ಸೇಡಂ ರೋಡ್

ಇಲ್ಲ ಸರ್, ತಗೊಂಡಿಲ್ಲ. ನಾಳೆ ಪಿ.ಡಿ. ಮೀಟರ್ ಇರೋ ಕಡೆ ಹೋಗಿ ಬಲ-ಎಡ ಬ್ಯಾರೆ ಬರಸ್ಕೊಂಡು, ಆಮ್ಯಾಲೆ ಗ್ಲಾಸು ಕೊರೀಲಿಕ್ಕೆ ಕೊಡ್ತೀನಿ. ಅಲ್ಲಿ ತನಕ ಹಳೇ −8.50 ಹಾಕ್ಕೊಂಡೀನಿ. ಅದಕ್ಕೂ ಚುಕ್ಕಿ ಇಟ್ಟು ನೋಡಿದೆ, 61 ಬಂತು, ಎತ್ತರ ಎರಡೂ ಸಮ.